ನಿಮ್ಮ ವ್ಯಂಗ್ಯದ ಪೋಸ್ಟ್ ನಿಜ ಸುದ್ದಿಯಾಗಿ ಓಡಾಡದಂತೆ ನೋಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಕೊನೇ ಸಾಲಲ್ಲಿ 'ಇದು ತಮಾಷೆಗೆ' ಅಂತ ಹಾಕಿದ್ದೆ ಸಾರ್, ಆದ್ರೂ ಜನ ನಂಬಿಬಿಟ್ರು." ವ್ಯಂಗ್ಯ ಬರೆಯುವ ಗೆಳೆಯರಿಂದ ನನಗೆ ಮತ್ತೆ ಮತ್ತೆ ಬರುವ ದೂರು ಇದು. ಎಡವಟ್ಟು ಎಲ್ಲಾಯಿತು ಅನ್ನೋದು ಆ ದೂರಿನಲ್ಲೇ ಇದೆ. ಕೊನೇ ಸಾಲಿನವರೆಗೆ ಯಾರೂ ಬರಲಿಲ್ಲ. ಬಂದವರು ಹೇಗೂ ನಂಬುತ್ತಿರಲಿಲ್ಲ.

ಪೋಸ್ಟ್ ಊರೆಲ್ಲ ಸುತ್ತುವಾಗ ಇಡಿಯಾಗಿ ಸುತ್ತುವುದಿಲ್ಲ, ತುಂಡಾಗಿ ಸುತ್ತುತ್ತದೆ. ಹಾಗಾಗಿ ಇದು ತಮಾಷೆ ಅನ್ನುವ ಸುಳಿವು ಯಾವ ತುಂಡು ಹೊರಗೆ ಹೋಗುತ್ತದೋ ಅದರಲ್ಲೇ ಇರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲೇ ಸುಳಿವು ಸೇರಿಸಿ ಆಮೇಲೆ ಪರೀಕ್ಷಿಸಲು ಹೋದರೆ, ಎಲ್ಲಿ ತೂತಿದೆ ಅಂತ ಗೊತ್ತಾಗುವ ಮೊದಲೇ ತೇಪೆ ಹಾಕಿದಂತಾಗುತ್ತದೆ.

ಬೇಕಾಗುವುದು ಇಷ್ಟೇ: ಒಂದು ಫೋನು, ನಿಮ್ಮ ಬರಹದ ಪರಿಚಯ ಇಲ್ಲದ ಮೂರು ಜನ, ಮತ್ತು ಒಂದು ದಿನದ ತಾಳ್ಮೆ. ಸ್ವಂತ ವೆಬ್‌ಸೈಟ್ ಇದ್ದರೆ ಅದರ ಪುಟದ ಕೋಡ್ ತಿದ್ದುವ ಅವಕಾಶವೂ ಇರಲಿ.

## ಉದಾಹರಣೆಗೆ ನನ್ನದೇ ಒಂದು ಎಡವಟ್ಟು

ಹಿಂದೊಮ್ಮೆ ನಾನು ಹೀಗೆ ಬರೆದು ಹಾಕಿದ್ದೆ:

> ಸೋಮವಾರದಿಂದ ಕಿಟಕಿ ಸೀಟಿಗೆ 2 ರೂ. ಗಾಳಿ ಶುಲ್ಕ
>
> ಬೆಂಗಳೂರು: ಬಸ್ಸುಗಳಲ್ಲಿ ಕಿಟಕಿ ಪಕ್ಕ ಕೂರುವ ಪ್ರಯಾಣಿಕರಿಂದ ಸೋಮವಾರದಿಂದ 2 ರೂ. ಹೆಚ್ಚುವರಿ ಶುಲ್ಕ ಪಡೆಯಲಾಗುವುದು ಎಂದು ಹಿರಿಯ ಅಧಿಕಾರಿಗಳು ತಿಳಿಸಿದ್ದಾರೆ. ಕಿಟಕಿ ಮುಚ್ಚಿಕೊಂಡು ಕೂತವರಿಗೆ ವಿನಾಯಿತಿ ಇರುತ್ತದೆ. ಟ್ರಾಫಿಕ್‌ನಲ್ಲಿ ಬಸ್ ನಿಂತಾಗ ಗಾಳಿ ಬೀಸದ ಕಾರಣ, ಆ ಹೊತ್ತಿನ ಹಣವನ್ನು ವಾಪಸ್ ಕೊಡಲಾಗುವುದು. ನೆಗಡಿ ಇದ್ದವರು ವೈದ್ಯರ ಪತ್ರ ತೋರಿಸಿದರೆ ಅರ್ಧ ಶುಲ್ಕ.

ಟ್ರಾಫಿಕ್‌ನಲ್ಲಿ ಹಣ ವಾಪಸ್, ನೆಗಡಿಗೆ ರಿಯಾಯಿತಿ. ಇಷ್ಟು ಓದಿಯೂ ಯಾರು ನಂಬುತ್ತಾರೆ ಅಂದುಕೊಂಡಿದ್ದೆ. ಮೂರನೇ ದಿನ ಹಾಸನದಿಂದ ಚಿಕ್ಕಪ್ಪ ಮನೆಯವರ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿ, "ಏನಪ್ಪಾ ಇದು, ಗಾಳಿಗೂ ದುಡ್ಡು ತಗೋತಾರಂತೆ! ನಿಮ್ಮ ಕಡೆ ಶುರುವಾಯ್ತಾ?" ಅಂತ ಕೇಳಿದರು. ನೋಡಿದರೆ ನನ್ನದೇ ಪೋಸ್ಟು. ತಲೆಬರಹ ಮತ್ತು ಮೊದಲ ವಾಕ್ಯ ಮಾತ್ರ ಇತ್ತು. ನನ್ನ ಹೆಸರೂ ಇಲ್ಲ, ನೆಗಡಿಯೂ ಇಲ್ಲ.

ಈ ಪೋಸ್ಟನ್ನೇ ಇಟ್ಟುಕೊಂಡು ಒಂದೊಂದು ಹಂತ ನೋಡೋಣ.

## ಹಂತ 1: ತುಂಡು ಮಾಡಿ ನೋಡಿ

ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳಬಹುದು. ಅಲ್ಲಿಗೆ ನಿಮ್ಮ ಪೋಸ್ಟನ್ನು ಮೂರು ರೂಪದಲ್ಲಿ ಕಳಿಸಿಕೊಳ್ಳಿ.

1. ತಲೆಬರಹ ಮಾತ್ರ.
2. ತಲೆಬರಹ ಮತ್ತು ಮೊದಲ ವಾಕ್ಯ. ಫೇಸ್‌ಬುಕ್‌ನಲ್ಲಿ ಉದ್ದ ಪೋಸ್ಟು ಒಂದಿಷ್ಟು ಸಾಲಿನ ನಂತರ ಮಡಚಿಕೊಳ್ಳುತ್ತದೆ. ವಾಟ್ಸಾಪ್ ಕೂಡ ಉದ್ದ ಮೆಸೇಜನ್ನು 'ರೀಡ್ ಮೋರ್' ಹಿಂದೆ ಬಚ್ಚಿಡುತ್ತದೆ. ಅದನ್ನು ಒತ್ತದೆ ಫಾರ್ವರ್ಡ್ ಮಾಡುವವರೇ ಜಾಸ್ತಿ.
3. ಚಿತ್ರ ಇದ್ದರೆ, ಮೇಲೆ ಕೆಳಗೆ ಕತ್ತರಿಸಿ ಪೇಜಿನ ಹೆಸರು ಕಾಣದಂತೆ ಮಾಡಿದ ಸ್ಕ್ರೀನ್‌ಶಾಟ್.

ಒಂದೆರಡು ಗಂಟೆ ಬಿಟ್ಟು ಮೂರನ್ನೂ ಬೇರೆ ಬೇರೆಯಾಗಿ ಓದಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದರಲ್ಲಿ ಖಂಡಿತ ಆಗಲಾರದ ಸಂಗತಿ ಒಂದಾದರೂ ಇದೆಯಾ? ನನ್ನ ಪೋಸ್ಟಿನಲ್ಲಿ ಮೂರು ತುಂಡಿಗೂ ಉತ್ತರ 'ಇಲ್ಲ' ಅಂತಲೇ ಬಂತು. ಆಗಲಾರದ ಸಂಗತಿಗಳೆಲ್ಲ ಮೂರನೇ ವಾಕ್ಯದಿಂದ ಆಚೆಗೆ ಇದ್ದವು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಪೇಜಿನ ಹೆಸರನ್ನೇ ಸುಳಿವು ಅಂದುಕೊಳ್ಳುವುದು. 'ನಮ್ಮ ಪೇಜ್ ಅಂದ್ರೇನೇ ಕಾಮಿಡಿ, ಎಲ್ಲರಿಗೂ ಗೊತ್ತು' ಅನ್ನುವ 'ಎಲ್ಲರೂ' ನಿಮ್ಮ ಫಾಲೋವರ್‌ಗಳು ಮಾತ್ರ. 2012ರ ನವೆಂಬರಿನಲ್ಲಿ ಅಮೆರಿಕದ ವ್ಯಂಗ್ಯ ಪತ್ರಿಕೆ 'ದಿ ಆನಿಯನ್', ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಆ ವರ್ಷದ ಅತ್ಯಂತ ಆಕರ್ಷಕ ಪುರುಷ ಅಂತ ಬರೆದಾಗ, ಚೀನಾದ 'ಪೀಪಲ್ಸ್ ಡೈಲಿ' ವೆಬ್‌ಸೈಟ್ ಅದನ್ನು ನಿಜವೆಂದುಕೊಂಡು 55 ಫೋಟೋಗಳ ಜೊತೆ ಹಾಕಿತು. ಅಮೆರಿಕದ ಓದುಗರಿಗೆ ಪತ್ರಿಕೆಯ ಹೆಸರು ಕಂಡರೇ ನಗು. ಭಾಷೆ ದಾಟಿ ಹೋದಾಗ ಆ ಹೆಸರಿಗೆ ಏನೂ ಬೆಲೆ ಉಳಿಯಲಿಲ್ಲ. ಇಂಗ್ಲಿಷ್ ವ್ಯಂಗ್ಯವನ್ನು ಕನ್ನಡಕ್ಕೆ ತಂದು ಹಾಕುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು.

## ಹಂತ 2: ನಿಜದ ಪಕ್ಕ ಇಟ್ಟು ನೋಡಿ

ನಿಮ್ಮ ವಿಷಯದ ಬಗ್ಗೆ ಇತ್ತೀಚೆಗೆ ನಡೆದ ವಿಚಿತ್ರ ಸಂಗತಿಗಳನ್ನು ಹುಡುಕಿ. ಹತ್ತು ನಿಮಿಷ ಸಾಕು. ನಿಜವೇ ನಿಮ್ಮ ತಮಾಷೆಯಷ್ಟು ವಿಚಿತ್ರವಾಗಿದ್ದರೆ, ನಿಮ್ಮ ತಮಾಷೆ ತಮಾಷೆಯಾಗಿ ಕಾಣಿಸುವುದೇ ಇಲ್ಲ.

ನಾನು ಈ ಕೆಲಸ ಮಾಡದೇ ಕೆಟ್ಟೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಾಲ್ಕು ಗಿಳಿಗಳಿಗೆ ಒಂದೊಂದಕ್ಕೆ 111 ರೂಪಾಯಿಯಂತೆ 444 ರೂಪಾಯಿ ಟಿಕೆಟ್ ಕೊಟ್ಟಿದ್ದರು. ಗಿಳಿ ಹಿಡಿದುಕೊಂಡಿದ್ದ ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ. ಪಂಜರದಲ್ಲಿದ್ದ ಗಿಳಿಗಳಿಗೆ ಮಾತ್ರ ದುಡ್ಡು. ಆ ಟಿಕೆಟಿನ ಫೋಟೋ ಎಲ್ಲ ಕಡೆ ಓಡಾಡಿತ್ತು. ಗಿಳಿಗೆ 111 ರೂಪಾಯಿ ಕೊಟ್ಟ ಸುದ್ದಿ ಓದಿದವರಿಗೆ ಗಾಳಿಗೆ 2 ರೂಪಾಯಿ ಅಂದರೆ ಏನು ಆಶ್ಚರ್ಯ, ಅಲ್ವಾ?

ಹುಡುಕಿದ ಮೇಲೆ ನಿಮ್ಮ ಪೋಸ್ಟಿನಲ್ಲಿ ಈ ನಾಲ್ಕರಲ್ಲಿ ಎಷ್ಟಿವೆ ಎಣಿಸಿ: ಶುರುವಾಗುವ ದಿನ, ರೂಪಾಯಿ ಲೆಕ್ಕ, ನಿಜವಾದ ಊರು ಅಥವಾ ಇಲಾಖೆ, ಮತ್ತು ಪತ್ರಿಕೆಯ ಕನ್ನಡ. ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ಪಡೆಯಲಾಗುವುದು', 'ತಿಳಿಸಿದ್ದಾರೆ', 'ಮೂಲಗಳು ಹೇಳಿವೆ' ಅನ್ನುವ ಕ್ರಿಯಾಪದಗಳನ್ನು ನಾವು ಚಿಕ್ಕಂದಿನಿಂದ ಸುದ್ದಿಯಲ್ಲಿ ಮಾತ್ರ ಕೇಳಿದ್ದೇವೆ. ಅವು ಕಿವಿಗೆ ಬಿದ್ದ ಕೂಡಲೇ ತಲೆ ಸುದ್ದಿ ಓದುವ ಗೇರಿಗೆ ಬೀಳುತ್ತದೆ. 'ಶುಲ್ಕವಂತೆ' ಅಂತ 'ಅಂತೆ' ಸೇರಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಲದು. 'ಅಂತೆ' ಅಂದರೆ ಯಾರೋ ಹೇಳಿದ್ದು ಅಂತ ಅರ್ಥವೇ ಹೊರತು ಸುಳ್ಳು ಅಂತ ಅಲ್ಲ. ಚಿಕ್ಕಪ್ಪ ಕೂಡ 'ತಗೋತಾರಂತೆ' ಅಂತಲೇ ಕೇಳಿದ್ದು, ಪೂರ್ತಿ ನಂಬಿಕೊಂಡು.

ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಎರಡು ಇದ್ದರೆ ಹುಷಾರು, ಮೂರು ಇದ್ದರೆ ತಿದ್ದಲೇಬೇಕು. ನನ್ನ ಪೋಸ್ಟಿನಲ್ಲಿ ನಾಲ್ಕೂ ಇದ್ದವು.

## ಹಂತ 3: ಮೂರು ಜನಕ್ಕೆ ಓದಿಸಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಬರೆದವರಿಗೆ ತಮ್ಮ ದನಿ ತಮ್ಮ ತಲೆಯೊಳಗೇ ಕೇಳುತ್ತಿರುತ್ತದೆ. ಅದು ಅಕ್ಷರದಲ್ಲೂ ಇದೆ ಅಂದುಕೊಳ್ಳುತ್ತಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಗಂಭೀರ ಮಾತು ಮತ್ತು ವ್ಯಂಗ್ಯದ ಮಾತು ಎರಡನ್ನೂ ಇಮೇಲಿನಲ್ಲಿ ಕಳಿಸಲು ಹೇಳಿದ್ದರು. ನೂರಕ್ಕೆ 78 ಸಲ ಸರಿಯಾಗಿ ಅರ್ಥವಾಗುತ್ತದೆ ಅಂತ ಕಳಿಸಿದವರು ನಂಬಿದ್ದರು. ಅರ್ಥವಾದದ್ದು 56 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತಿತ್ತು! ಅದೇ ಮಾತನ್ನು ಬಾಯಲ್ಲಿ ಹೇಳಿದಾಗ 73 ಸಲ ಸರಿಯಾಯಿತು. ಹಾಗಾಗಿ ನಿಮ್ಮ ಸ್ವಂತ ಅಂದಾಜನ್ನು ಈ ವಿಷಯದಲ್ಲಿ ನಂಬಬೇಡಿ.

ಮೂರು ಜನರನ್ನು ಆರಿಸುವಾಗ ನಿಮ್ಮ ಜೋಕಿಗೆ ಸದಾ ನಗುವ ಗೆಳೆಯರನ್ನು ಬಿಡಿ. ಒಬ್ಬರು ವಯಸ್ಸಾದವರಿರಲಿ, ಒಬ್ಬರು ಬೇರೆ ಜಿಲ್ಲೆಯವರು, ಇನ್ನೊಬ್ಬರು ನೀವು ಗೇಲಿ ಮಾಡುತ್ತಿರುವ ವಿಷಯದ ಮೇಲೆ ಆಗಲೇ ಸಿಟ್ಟಿರುವವರು. ಮೂರನೆಯವರು ಬಹಳ ಮುಖ್ಯ. ಬಸ್ ದರ ಏರಿದ್ದಕ್ಕೆ ಉರಿಯುತ್ತಿರುವ ಮನುಷ್ಯ ಗಾಳಿ ಶುಲ್ಕವನ್ನು ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. 'ನಾನು ಹೇಳ್ಲಿಲ್ವಾ' ಅಂತ ಫಾರ್ವರ್ಡ್ ಮಾಡುತ್ತಾನೆ.

ಅವರಿಗೆ ಹಂತ 1ರ ಎರಡನೇ ತುಂಡನ್ನು, ಅಂದರೆ ತಲೆಬರಹ ಮತ್ತು ಮೊದಲ ವಾಕ್ಯವನ್ನು ಮಾತ್ರ ಕಳಿಸಿ. 'ಜೋಕ್ ಹೇಗಿದೆ?' ಅಂತ ಕೇಳಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು, ಉತ್ತರ ನೀವೇ ಹೇಳಿಕೊಟ್ಟಂತೆ. 'ಇದೇನು ವಿಷಯ, ನೋಡಿದ್ರಾ?' ಅಂತ ಕೇಳಿ ಸುಮ್ನೆ ಇರಿ. ಉತ್ತರದಲ್ಲಿ 'ಯಾವಾಗಿಂದ?', 'ಛೇ, ಏನ್ ಕಾಲ ಬಂತು' ಅಂತ ಬಂದರೆ ನಂಬಿದ್ದಾರೆ. ಒಬ್ಬರು ನಂಬಿದರೂ ತಿದ್ದಬೇಕು. ಇದು ವಿಜ್ಞಾನ ಅಲ್ಲ, ಮೂರು ಜನರಿಂದ ಊರಿನ ಲೆಕ್ಕ ಸಿಗುವುದಿಲ್ಲ. ಆದರೆ ಮೂವರಲ್ಲೇ ಒಬ್ಬರು ಬಿದ್ದರೆ ಮೂರು ಸಾವಿರದಲ್ಲಿ ಯಾರೂ ಬೀಳುವುದಿಲ್ಲ ಅನ್ನೋದು ಸುಳ್ಳು ಸಮಾಧಾನ.

ಪರೀಕ್ಷೆ ಮುಗಿದ ಕೂಡಲೇ ಮೂವರಿಗೂ ನಿಜ ಹೇಳಿಬಿಡಿ. ನಾನೊಮ್ಮೆ ಮರೆತಿದ್ದೆ. ಪೋಸ್ಟ್ ಹಾಕುವ ಮೊದಲೇ ಅದು ಒಂದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹೋಗಿತ್ತು.

## ಹಂತ 4: ಬರೆಯಲೇಬಾರದ ಜಾಗ ಇದೆಯಾ ನೋಡಿ

ಕೆಲವು ವಿಷಯಕ್ಕೆ ಎಷ್ಟು ಸುಳಿವು ಕೊಟ್ಟರೂ ಸಾಲದು. ಓದಿದವರು ಯೋಚಿಸುವ ಮೊದಲೇ ಏನಾದರೂ ಮಾಡಿಬಿಡುವಂಥ ವಿಷಯಗಳು ಅವು: ಪರೀಕ್ಷೆ ಮುಂದೂಡಿಕೆ, ರೇಷನ್ ಕಾರ್ಡ್ ರದ್ದು, ಔಷಧಿ, ಬ್ಯಾಂಕಿನಲ್ಲಿಟ್ಟ ಹಣ, ಪ್ರವಾಹ, ಬದುಕಿರುವವರ ಸಾವು, ಜಾತಿ ಧರ್ಮದ ಗಲಾಟೆ. ಇವುಗಳ ಬಗ್ಗೆ ವ್ಯಂಗ್ಯ ಬರೆಯಬೇಕೆಂದರೆ ಸುದ್ದಿಯ ರೂಪ ಬಿಟ್ಟು ಸಂಭಾಷಣೆ, ಪತ್ರ, ಹಾಡು, ಯಾವುದಾದರೂ ಬೇರೆ ವೇಷ ಹಾಕಿ.

ಹಾಗೆಯೇ ಗಂಡಭೇರುಂಡದ ಲಾಂಛನ, ಆದೇಶ ಸಂಖ್ಯೆ, ಮೊಹರು, ಸಹಿ ಹಾಕಿ ಸರ್ಕಾರಿ ಆದೇಶದ ಥರ ಚಿತ್ರ ಮಾಡಬೇಡಿ. ಅದು ಕೈ ಬದಲಾದ ಕೂಡಲೇ ನಕಲಿ ಆದೇಶ ಆಗುತ್ತದೆ. ತಮಾಷೆಗೆ ಮಾಡಿದ್ದು ಅಂತ ಪೊಲೀಸ್ ಠಾಣೆಯಲ್ಲಿ ವಿವರಿಸುವುದು ಸುಲಭದ ಕೆಲಸ ಅಲ್ಲ.

## ಹಂತ 5: ಸುಳಿವನ್ನು ತಲೆಬರಹಕ್ಕೆ ತನ್ನಿ

ಇಲ್ಲಿಗೆ ಬಂದ ಮೇಲೆ ತಿದ್ದಲು ಶುರು ಮಾಡಿ. ನಿಮ್ಮ ಬರಹದಲ್ಲಿ ಅತಿ ಅಸಂಬದ್ಧವಾದ ಸಂಗತಿ ಯಾವುದು ಹುಡುಕಿ, ಅದನ್ನು ಎತ್ತಿ ತಲೆಬರಹದಲ್ಲಿ ಕೂರಿಸಿ. ಬರೆಯುವವರಿಗೆ ಇದು ಹೊಟ್ಟೆ ಉರಿಸುವ ಕೆಲಸ. ಒಳ್ಳೇ ಜೋಕನ್ನು ಕೊನೆಗೆ ಇಡುವುದು ನಮ್ಮ ಅಭ್ಯಾಸ. ಆದರೆ ಕೊನೆಯ ಜೋಕು ಚಿಕ್ಕಪ್ಪನವರೆಗೆ ತಲುಪುವುದಿಲ್ಲ. ತಿದ್ದಿದ ಮೇಲೆ ನನ್ನ ಪೋಸ್ಟು ಹೀಗಾಯಿತು:

> ಕಿಟಕಿ ಸೀಟಿನವರ ಮೂಗಿಗೆ ಮೀಟರ್. ನೆಗಡಿಯಾದವರಿಗೆ ಅರ್ಧ ಟಿಕೆಟ್
>
> ಬೀಸಣಿಗೆಹಳ್ಳಿ: ಬಸ್ಸಿನಲ್ಲಿ ಪುಕ್ಸಟ್ಟೆ ಗಾಳಿ ಕುಡಿಯುವವರ ಹಾವಳಿ ತಡೆಯಲು ಪ್ರತಿ ಮೂಗಿಗೂ ಮೀಟರ್ ಕೂರಿಸಲಾಗುವುದು ಎಂದು ಗಾಳಿ ಖಾತೆಯ ಮುಖ್ಯಸ್ಥ ಉಸಿರಪ್ಪನವರು ಏದುಸಿರು ಬಿಡುತ್ತಾ ತಿಳಿಸಿದ್ದಾರೆ. "ಒಳಗೆ ಎಳ್ಕೊಂಡಿದ್ದಕ್ಕೆ ಮಾತ್ರ ಚಾರ್ಜು, ಹೊರಗೆ ಬಿಡೋದು ಫ್ರೀ" ಎಂದರು.

ಏನೇನು ಬದಲಾಯಿತು ನೋಡಿ. 'ಸೋಮವಾರದಿಂದ' ಹೋಯಿತು, '2 ರೂ.' ಹೋಯಿತು. ಊರು ಕಟ್ಟುಕತೆಯದಾಯಿತು. ಅಧಿಕಾರಿಗೆ ಯಾರೂ ಇಟ್ಟುಕೊಳ್ಳದ ಹೆಸರು ಬಂತು. ಪತ್ರಿಕೆಯ ಕನ್ನಡವನ್ನು ಪೂರ್ತಿ ಬಿಟ್ಟಿಲ್ಲ, ಅದನ್ನು ಬಿಟ್ಟರೆ ವ್ಯಂಗ್ಯವೇ ಸಾಯುತ್ತದೆ. ಆದರೆ 'ಕೂರಿಸಲಾಗುವುದು' ಪಕ್ಕದಲ್ಲೇ 'ಪುಕ್ಸಟ್ಟೆ' ಕೂತಿದೆ. ಈ ಎರಡು ಕನ್ನಡ ಒಂದೇ ವಾಕ್ಯದಲ್ಲಿ ಡಿಕ್ಕಿ ಹೊಡೆದಾಗ ಓದುಗನಿಗೆ ಏನೋ ಎಡವಟ್ಟಿದೆ ಅಂತ ತಟ್ಟನೆ ಹೊಳೆಯುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದಕ್ಕಿಂತ ಒಳ್ಳೇ ಸುಳಿವು ನನಗೆ ಸಿಕ್ಕಿಲ್ಲ.

ಊರಿನ ಹೆಸರು ಕಟ್ಟುವಾಗ ಒಂದು ಎಚ್ಚರ. ಮೊದಲು ನಾನು 'ಗಾಳಿಪುರ' ಅಂತ ಬರೆದಿದ್ದೆ. ಆಮೇಲೆ ನೋಡಿದರೆ ಚಾಮರಾಜನಗರದಲ್ಲಿ ಆ ಹೆಸರಿನ ಬಡಾವಣೆ ಇದೆ! ನಮ್ಮಲ್ಲಿ ಯಾವ ಹೆಸರು ಕಟ್ಟಿದರೂ ಆ ಹೆಸರಿನ ಒಂದು ಹಳ್ಳಿ ಎಲ್ಲೋ ಇರುತ್ತದೆ. ಮ್ಯಾಪಿನಲ್ಲಿ ಹುಡುಕಿ ನೋಡಿಯೇ ಬಳಸಿ.

## ಹಂತ 6: ಲೇಬಲ್ ಮತ್ತು ಚಿತ್ರ

ಲೇಬಲ್ ಬೇಕೇ ಬೇಕು, ಆದರೆ ಅದು ಎರಡನೇ ಬೇಲಿ. ಎಲ್ಲಿ ಹಾಕುತ್ತೀರಿ, ಯಾವ ಪದ ಹಾಕುತ್ತೀರಿ ಎರಡೂ ಮುಖ್ಯ. 'ವಿಡಂಬನೆ' ಅನ್ನುವ ಪದ ಎಲ್ಲರಿಗೂ ತಟ್ಟನೆ ಅರ್ಥವಾಗುವುದಿಲ್ಲ. ಬರೀ 'ವ್ಯಂಗ್ಯ' ಅಂದರೆ ನಡೆದ ಘಟನೆಯನ್ನೇ ಚುಚ್ಚಿ ಬರೆದಿದ್ದಾರೆ ಅಂತ ಕೆಲವರು ತಿಳಿಯುತ್ತಾರೆ. 'ಕಟ್ಟುಕತೆ, ನಗೋದಕ್ಕೆ ಬರೆದದ್ದು' ಅಂತ ಮೊದಲ ಸಾಲಿನಲ್ಲೇ ಹಾಕಿ. ಯಾರಿಗೂ ಅನುಮಾನ ಉಳಿಯುವುದಿಲ್ಲ.

ನಗುವ ಎಮೋಜಿಯನ್ನು ನೆಚ್ಚಿಕೊಳ್ಳಬೇಡಿ. ನಗುಮುಖದ ಗುರುತು ಹುಟ್ಟಿದ್ದೇ ಈ ಕೆಲಸಕ್ಕೆ ಅನ್ನೋದು ಬೇರೆ ಮಾತು. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅನ್ನುವ ತಮಾಷೆಯನ್ನು ಕೆಲವರು ನಿಜವೆಂದು ನಂಬಿದ ಮೇಲೆ, ಸ್ಕಾಟ್ ಫಾಲ್‌ಮನ್ ಅವರು ಜೋಕಿಗೆ `:-)` ಹಾಕೋಣ ಅಂತ ಸಲಹೆ ಕೊಟ್ಟರು. ಈಗ ನಿಜ ಸುದ್ದಿ ಫಾರ್ವರ್ಡ್ ಮಾಡುವವರೂ ಕಣ್ಣೀರು ಬರುವಂತೆ ನಗುವ ಎಮೋಜಿ ನಾಲ್ಕು ಹಾಕುತ್ತಾರೆ. ಗುರುತು ಸವೆದುಹೋಗಿದೆ.

ಚಿತ್ರದ ವಿಷಯದಲ್ಲಿ, ನಿಜವಾದ ಬಸ್ಸಿನ ಫೋಟೋ ಬದಲು ಕೈಯಲ್ಲಿ ಗೀಚಿದ ಕಾರ್ಟೂನ್ ಹಾಕಿ. 'ಕಟ್ಟುಕತೆ' ಅನ್ನುವ ಪದವನ್ನು ಮೂಲೆಯಲ್ಲಿಟ್ಟರೆ ಕತ್ತರಿ ಬೀಳುತ್ತದೆ. ಚಿತ್ರದ ನಡುವೆ, ತಲೆಬರಹದ ಅಕ್ಷರಗಳಿಗೇ ತಾಗುವಂತೆ ಇಡಿ. ಅಂದ ಕೆಡುತ್ತದೆ, ಹೌದು. ಕೆಡಲಿ.

## ಹಂತ 7: ಲಿಂಕಿನ ಮುನ್ನೋಟ ಸರಿಮಾಡಿ

ನಿಮ್ಮದೇ ವೆಬ್‌ಸೈಟಿನಲ್ಲಿ ಹಾಕುವುದಾದರೆ ಇದನ್ನು ಮರೆಯಬೇಡಿ. ಲಿಂಕ್ ಹಂಚಿದಾಗ ವಾಟ್ಸಾಪ್ ಮತ್ತು ಫೇಸ್‌ಬುಕ್ ತೋರಿಸುವ ಪುಟ್ಟ ಪೆಟ್ಟಿಗೆಗೆ ತಲೆಬರಹ ಬರುವುದು ಪುಟದ ಒಳಗಿನ ಈ ಸಾಲುಗಳಿಂದ:

```html
<meta property="og:title" content="ಕಟ್ಟುಕತೆ: ಕಿಟಕಿ ಸೀಟಿನವರ ಮೂಗಿಗೆ ಮೀಟರ್">
<meta property="og:description" content="ನಗೋದಕ್ಕೆ ಬರೆದದ್ದು. ಇಂಥ ಆದೇಶ ಯಾವುದೂ ಇಲ್ಲ.">
```

'ಕಟ್ಟುಕತೆ' ಅನ್ನುವ ಪದ `og:title`ನ ಮೊದಲಲ್ಲೇ ಇರಲಿ. ಕೊನೆಗೆ ಹಾಕಿದರೆ ಉದ್ದ ತಲೆಬರಹ ಕತ್ತರಿಸಿದಾಗ ಅದೇ ಮೊದಲು ಮಾಯವಾಗುತ್ತದೆ. ಒಮ್ಮೆ ಹಂಚಿದ ಲಿಂಕಿನ ಹಳೇ ಮುನ್ನೋಟವನ್ನು ಫೇಸ್‌ಬುಕ್ ನೆನಪಿಟ್ಟುಕೊಂಡಿರುತ್ತದೆ. ಆಮೇಲೆ ತಿದ್ದಿದರೆ ಅವರ Sharing Debugger ಪುಟದಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಬೇಕು.

## ಹಂತ 8: ಹಾಕಿದ ಮೇಲೆ ಮೊದಲ ಎರಡು ಗಂಟೆ

ಪೋಸ್ಟ್ ಹಾಕಿ ಫೋನ್ ಬದಿಗಿಟ್ಟು ಮಲಗಬೇಡಿ. ಕಾಮೆಂಟು ನೋಡುತ್ತಿರಿ. ಅಪಾಯದ ಗುರುತುಗಳು ಇವು:

- 'ಆದೇಶದ ಕಾಪಿ ಇದ್ಯಾ?', 'ಯಾವ ಡಿಪೋದಲ್ಲಿ?' ಅನ್ನುವ ಪ್ರಶ್ನೆಗಳು.
- ಮಂತ್ರಿ, ಇಲಾಖೆಗಳನ್ನು ಟ್ಯಾಗ್ ಮಾಡಿ ಬೈಯುವುದು.
- ಕಾಮೆಂಟಿಗಿಂತ ಶೇರ್ ಜಾಸ್ತಿ ಏರುವುದು.

ಇವುಗಳಲ್ಲಿ ಒಂದು ಕಂಡರೂ ತಲೆಬರಹವನ್ನು ಆ ಕ್ಷಣವೇ ತಿದ್ದಿ, ಮೊದಲ ಕಾಮೆಂಟಿನಲ್ಲಿ 'ಇಂಥ ಆದೇಶ ಇಲ್ಲ, ಇದು ನಾನೇ ಕಟ್ಟಿದ ಕತೆ' ಅಂತ ಹಾಕಿ ಪಿನ್ ಮಾಡಿ. ಗಾಬರಿಯಲ್ಲಿ ಅಳಿಸಿಬಿಡಬೇಡಿ. ನೀವು ಅಳಿಸಿದರೂ ಸ್ಕ್ರೀನ್‌ಶಾಟುಗಳು ಓಡಾಡುತ್ತಲೇ ಇರುತ್ತವೆ. 'ಮೂಲ ಇಲ್ಲಿದೆ ನೋಡಿ' ಅಂತ ಯಾರಿಗಾದರೂ ತೋರಿಸಲು ನಿಮ್ಮ ಪೋಸ್ಟು ಬೇಕು. ಅದು ಇಲ್ಲದಿದ್ದರೆ 'ಒತ್ತಡ ಹಾಕಿ ತೆಗೆಸಿದ್ರು' ಅನ್ನುವ ಹೊಸ ಕತೆ ಹುಟ್ಟುತ್ತದೆ.

ವಾಟ್ಸಾಪ್‌ಗೆ ನೇರವಾಗಿ ಹಾಕಿದ್ದರೆ ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಅಷ್ಟರಲ್ಲಿ ತಿದ್ದಿದರೂ ಆಗಲೇ ಫಾರ್ವರ್ಡ್ ಆದ ಪ್ರತಿಗಳು ಹಾಗೇ ಇರುತ್ತವೆ. ನಿಮಗೆ ವಾಪಸ್ ಬಂದ ಪ್ರತಿಯ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ಆಗ ಬರೀ ನಿಮ್ಮ ಗ್ರೂಪಿಗೆ ಹೇಳಿದರೆ ಸಾಲದು. ಸ್ಕ್ರೀನ್‌ಶಾಟಿನಷ್ಟೇ ಸುಲಭವಾಗಿ ಫಾರ್ವರ್ಡ್ ಮಾಡಬಲ್ಲ ಒಂದು ಚಿತ್ರ ಮಾಡಿ, ಹಳೇ ಪೋಸ್ಟಿನ ಮೇಲೆ ಅಡ್ಡಗೆರೆ ಎಳೆದು 'ಇದು ಸುಳ್ಳು, ಬರೆದವನು ನಾನೇ' ಅಂತ ಬರೆದು ಕಳಿಸಿ.

ನಂಬಿದವರನ್ನು ಗೇಲಿ ಮಾಡಬೇಡಿ. ಗೇಲಿ ಮಾಡಿಸಿಕೊಂಡವರು ತಾವು ಕಳಿಸಿದ ಐದು ಗ್ರೂಪಿಗೆ ಹೋಗಿ ತಿದ್ದುಪಡಿ ಹಾಕುವುದಿಲ್ಲ. ನಾನು ಚಿಕ್ಕಪ್ಪನಿಗೆ, "ಚಿಕ್ಕಪ್ಪ, ಅದು ನಾನೇ ಬರೆದಿದ್ದು. ತಲೆಬರಹ ನೋಡಿದ್ರೆ ಯಾರಾದ್ರೂ ನಂಬ್ತಾರೆ, ತಪ್ಪು ನಂದೇ. ನೀವು ಎಲ್ಲೆಲ್ಲಿ ಹಾಕಿದ್ರೋ ಅಲ್ಲಿ ಈ ಚಿತ್ರ ಹಾಕ್ತೀರಾ?" ಅಂತ ಕಳಿಸಿದೆ. ಹಾಕಿದರು, ಯೋಗ ಕ್ಲಾಸಿನ ಗ್ರೂಪಿಗೂ ಸೇರಿಸಿ.

ಓದುಗರಿಗೆ ಸರಿಯಾಗಿ ತಲುಪಿದೆ ಅನ್ನುವುದಕ್ಕೂ ಒಂದು ಗುರುತಿದೆ. ಅವರು ಪ್ರಶ್ನೆ ಕೇಳುವುದಿಲ್ಲ, ನಿಮ್ಮ ಜೋಕನ್ನು ಮುಂದಕ್ಕೆ ಬೆಳೆಸುತ್ತಾರೆ. ಮೂಗಿನ ಮೀಟರಿನ ಪೋಸ್ಟು ಹಾಕಿದಾಗ ಚಿಕ್ಕಪ್ಪನಿಂದ ಬಂದದ್ದು ಒಂದೇ ಸಾಲು: "ನಿಮ್ಮ ಚಿಕ್ಕಮ್ಮನ ಗೊರಕೆಗೆ ಮೀಟರ್ ಸುಟ್ಟೋಗತ್ತೆ, ಅದರ ದುಡ್ಡು ಯಾರು ಕೊಡ್ತಾರೆ ಕೇಳು."